ಪ್ಯಾರಾಸಿಟಮಾಲ್ ಕೊಟ್ಟರೂ ಮಗುವಿನ ಜ್ವರ ಮತ್ತೆ ಮತ್ತೆ ಬರುತ್ತಿದೆ, ಡೋಸ್ ಕಡಿಮೆ ಆಗ್ತಿದೆಯಾ?

ಪುಟ್ಟಿಯಮ್ಮ_ಹಾಸನ
ಮಗಳಿಗೆ ಎರಡು ವರ್ಷ, ತೂಕ 11 ಕೆಜಿ. ನಿನ್ನೆ ಬೆಳಗ್ಗೆಯಿಂದ ಜ್ವರ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 102.6 ಇರುತ್ತದೆ. ಸಿರಪ್ ಕೊಟ್ಟ ಮೇಲೆ 100.8ಕ್ಕೆ ಇಳಿಯುತ್ತದೆ, ಆಟಕ್ಕೂ ಎದ್ದು ಹೋಗುತ್ತಾಳೆ. ನಾಲ್ಕೈದು ಗಂಟೆ ಆದ ಮೇಲೆ ಮತ್ತೆ ಮೈ ಸುಡುತ್ತದೆ. ಸ್ವಲ್ಪ ಮೂಗು ಸೋರುತ್ತಿದೆ, ಕೆಮ್ಮು ಇಲ್ಲ. ನೀರು, ಗಂಜಿ ಕುಡಿಯುತ್ತಿದ್ದಾಳೆ.

ಜ್ವರ ಪೂರ್ತಿ ಬಿಡುತ್ತಿಲ್ಲ ಅಂದರೆ ಔಷಧಿ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ ಅಲ್ವಾ? ಮನೆಯಲ್ಲಿ ಎರಡು ಬಾಟಲಿ ಇವೆ. ಒಂದರ ಮೇಲೆ 120, ಇನ್ನೊಂದರ ಮೇಲೆ 250 ಅಂತ ಇದೆ. ಈಗ 120ರದ್ದನ್ನು 5 ಎಂಎಲ್ ಕೊಡುತ್ತಿದ್ದೇನೆ. 250ರದ್ದು ಕೊಡಬಹುದಾ? ಅತ್ತೆ ಕಂಬಳಿ ಹೊದಿಸಿ ಬೆವರು ಬರಿಸಬೇಕು ಅಂತಾರೆ, ನಮ್ಮ ಯಜಮಾನರು ಐಸ್ ನೀರಿನ ಪಟ್ಟಿ ಹಾಕು ಅಂತಾರೆ. ಯಾರ ಮಾತು ಕೇಳೋದು?

ಮೆಡಿಕಲ್_ದಾವಣಗೆರೆ
ಅಂಗಡಿಯಲ್ಲಿ ದಿನಾ ಇದೇ ಪ್ರಶ್ನೆ. ಎರಡು ವರ್ಷಕ್ಕೆ ಒಂದು ಮುಚ್ಚಳ, ಅಂದರೆ 5 ಎಂಎಲ್. ಯಾವ ಬಾಟಲಿ ಆದರೂ ಅಷ್ಟೇ. ಆರು ಗಂಟೆಗೆ ಒಮ್ಮೆ ಕೊಡಿ. 103 ದಾಟಿದರೆ ಮೆಫೆನಾಮಿಕ್ ಸೇರಿದ ಸಿರಪ್ ಬರುತ್ತದೆ, ಅದು ಸ್ಟ್ರಾಂಗ್, ಬೇಗ ಇಳಿಯುತ್ತದೆ.

ವಾರ್ಡ್‌ಸಿಸ್ಟರ್
ಮೇಲಿನವರ ಮಾತಿನಲ್ಲಿ ಆರು ಗಂಟೆಯ ಅಂತರ ಸರಿ, ಉಳಿದದ್ದು ಸರಿಯಿಲ್ಲ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. "ಯಾವ ಬಾಟಲಿ ಆದರೂ 5 ಎಂಎಲ್" ಅನ್ನುವುದೇ ಅಪಾಯ.

ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 15ರ ಲೆಕ್ಕದಲ್ಲಿ ನಿಮ್ಮ ಮಗಳ 11 ಕೆಜಿಗೆ 165 ಮಿಲಿಗ್ರಾಂ. ಈಗ ಬಾಟಲಿ ನೋಡಿ. 120 ಅಂದರೆ 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಔಷಧಿ ಇದೆ ಅಂತ. 165 ಬೇಕಾದರೆ ಸುಮಾರು 6.8 ಎಂಎಲ್ ಆಗುತ್ತದೆ. ಅಂದರೆ ನೀವು ಕೊಡುತ್ತಿರುವ 5 ಎಂಎಲ್ ಸ್ವಲ್ಪ ಕಡಿಮೆ, ಆದರೆ ಕೆಲಸಕ್ಕೆ ಬಾರದಷ್ಟು ಕಡಿಮೆಯೇನೂ ಅಲ್ಲ. ಅದೇ 250ರ ಬಾಟಲಿ ಆದರೆ 3.3 ಎಂಎಲ್ ಸಾಕು. ಅದರಲ್ಲಿ 5 ಎಂಎಲ್ ಕೊಟ್ಟರೆ 250 ಮಿಲಿಗ್ರಾಂ ಹೊಟ್ಟೆಗೆ ಹೋಯಿತು, ಇವಳ ಅಳತೆಯ ಒಂದೂವರೆ ಪಟ್ಟು. ಒಮ್ಮೆ ಹಾಗಾದರೆ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ದಿನಕ್ಕೆ ನಾಲ್ಕೈದು ಸಲದಂತೆ ಮೂರ್ನಾಲ್ಕು ದಿನ ಹೋದರೆ ಲಿವರ್‌ಗೆ ಏಟು ಬೀಳಬಹುದು.

ಆರು ಗಂಟೆಗೊಮ್ಮೆ ಕೊಡಿ. ತೀರಾ ಬೇಕಾದರೂ ನಾಲ್ಕು ಗಂಟೆ ಆಗುವ ಮುಂಚೆ ಬೇಡ. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಒಂದು ಬಾಟಲಿ ಮಾತ್ರ ಕೈಗೆ ಸಿಗುವಂತೆ ಇಟ್ಟುಕೊಂಡು ಇನ್ನೊಂದನ್ನು ಎತ್ತಿಡಿ. ರಾತ್ರಿ ನಿದ್ದೆಗಣ್ಣಿನಲ್ಲಿ ಅದಲು ಬದಲಾಗುವುದು ತೀರಾ ಸುಲಭ.

ಪುಟ್ಟಿಯಮ್ಮ_ಹಾಸನ
ತುಂಬಾ ಥ್ಯಾಂಕ್ಸ್ ಸಿಸ್ಟರ್. 6.8 ಅಂತ ಮುಚ್ಚಳದಲ್ಲಿ ಹೇಗೆ ಅಳೆಯೋದು?

ವಾರ್ಡ್‌ಸಿಸ್ಟರ್
ಮುಚ್ಚಳ ಬೇಡ. ಮೆಡಿಕಲ್ ಶಾಪ್‌ನಲ್ಲಿ 10 ಎಂಎಲ್ ಸಿರಿಂಜ್ ಸಿಗುತ್ತದೆ, ಸೂಜಿ ಇಲ್ಲದ್ದು ಕೇಳಿ. 6.5ಕ್ಕೋ 6.8ಕ್ಕೋ ಎಳೆದುಕೊಂಡು, ಮಗುವನ್ನು ಕೂರಿಸಿ, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಗಂಟಲಿಗೆ ನೇರ ಹಾಕಬೇಡಿ, ಕೆಮ್ಮಿ ಹೊರಗೆ ಹಾಕುತ್ತದೆ. ಅಡುಗೆಮನೆ ಚಮಚ ಅಂತೂ ಬೇಡವೇ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಕೊಡುವ ಮುಂಚೆ ಬಾಟಲಿ ಅಲ್ಲಾಡಿಸಿ, ಔಷಧಿ ತಳಕ್ಕೆ ಕೂತಿರುತ್ತದೆ.

ಮೆಡಿಕಲ್_ದಾವಣಗೆರೆ
ಸಿಸ್ಟರ್, ನಾನು ಹೇಳಿದ್ದು 120ರ ಬಾಟಲಿ ಲೆಕ್ಕದಲ್ಲಿ. ನಮ್ಮಲ್ಲಿ ಅದೇ ಜಾಸ್ತಿ ಹೋಗೋದು. ಒಂದೇ ಹೆಸರಿನ ಸಿರಪ್ 120ರಲ್ಲೂ 250ರಲ್ಲೂ ಬರುತ್ತದೆ, ಡಬ್ಬಿಯ ಬಣ್ಣವೂ ಹತ್ತಿರ ಹತ್ತಿರ, ಅದು ಒಪ್ಪುತ್ತೇನೆ. ಆದರೆ ತೂಕ ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರಲ್ಲ.

ಆಶಾ_ಕೊಪ್ಪಳ
ತೂಕ ಗೊತ್ತಿಲ್ಲ ಅನ್ನೋರು ತಾಯಿ ಕಾರ್ಡ್ ತೆಗೆದು ನೋಡ್ರಿ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಬರೆದಿರ್ತಾರೆ. ಅಲ್ಲೂ ಇಲ್ಲ ಅಂದ್ರೆ ನೀವು ಮಗುವನ್ನ ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತ್ಕೊಳ್ರಿ, ಆಮೇಲೆ ನೀವೊಬ್ಬರೇ ನಿಂತ್ಕೊಂಡು ಕಳೀರಿ.

ಇನ್ನೊಂದು ಮಾತು, ಡ್ರಾಪ್ಸ್ ಬಗ್ಗೆ ಹುಷಾರು. ಆರು ವಾರ, ಹತ್ತು ವಾರದ ಚುಚ್ಚುಮದ್ದು ಹಾಕಿಸಿದ ಮೇಲೆ ಚಿಕ್ಕ ಬಾಟಲಿಯ ಡ್ರಾಪ್ಸ್ ತಂದಿಟ್ಟಿರ್ತಾರೆ. ಸಣ್ಣ ಮಕ್ಕಳದ್ದು ಅಂದ್ರೆ ತೆಳು ಅಂದುಕೊಳ್ತಾರೆ. ಅದು ಭಾಳ ಗಟ್ಟಿ.

ವಾರ್ಡ್‌ಸಿಸ್ಟರ್
ಇದನ್ನು ಎಲ್ಲರೂ ಎರಡು ಸಲ ಓದಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. 120ರ ಸಿರಪ್‌ನಲ್ಲಿ ಒಂದು ಎಂಎಲ್‌ಗೆ 24 ಮಾತ್ರ. ಸಿರಪ್ ಖಾಲಿಯಾಯಿತು ಅಂತ ಡ್ರಾಪ್ಸ್ ಬಾಟಲಿಯಿಂದ ಮುಚ್ಚಳ ತುಂಬಿ 5 ಎಂಎಲ್ ಕುಡಿಸಿ, 9 ಕೆಜಿ ಮಗುವನ್ನು ನಮ್ಮ ವಾರ್ಡಿಗೆ ಕರೆತಂದಿದ್ದರು. 500 ಮಿಲಿಗ್ರಾಂ ಒಂದೇ ಗುಕ್ಕಿಗೆ. ಮತ್ತೆ ಆರು ಗಂಟೆಗೆ ಇನ್ನೊಮ್ಮೆ. ಅಜ್ಜನಿಗೆ ಅನುಮಾನ ಬಂದು ಬಾಟಲಿ ಓದಿದ್ದರಿಂದ ಬೇಗ ಬಂದರು, ರಕ್ತ ಪರೀಕ್ಷೆ ಮಾಡಿ ಔಷಧಿ ಶುರು ಮಾಡಿದೆವು, ಮಗು ಚೆನ್ನಾಗಿ ಮನೆಗೆ ಹೋಯಿತು.

ಇದರಲ್ಲಿ ಮೋಸ ಏನು ಅಂದರೆ, ಡೋಸ್ ಜಾಸ್ತಿಯಾದ ಮೊದಲ ದಿನ ಮಗು ಏನೂ ಆಗದವರ ಹಾಗೆ ಆಡುತ್ತಿರುತ್ತದೆ. ಒಂದಿಷ್ಟು ವಾಂತಿ ಆದರೆ ಆಯಿತು, ಇಲ್ಲದಿದ್ದರೆ ಅದೂ ಇಲ್ಲ. ಲಿವರ್ ತೊಂದರೆ ಕಾಣಿಸುವುದು ಆಮೇಲೆ. ಆದ್ದರಿಂದ ಜಾಸ್ತಿ ಕೊಟ್ಟದ್ದು ಗೊತ್ತಾದ ತಕ್ಷಣ ಬಾಟಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಲಕ್ಷಣ ಬರಲಿ ಅಂತ ಕಾಯಬೇಡಿ.

ಮಲೆನಾಡಿಗ
ನಾನು ಬೇರೆಯೇ ಅಭಿಪ್ರಾಯದವನು. ಜ್ವರ ಮೈಯಲ್ಲಿನ ಕ್ರಿಮಿ ಸುಡಲಿಕ್ಕೆ ಬರುವುದು. ಅದನ್ನು ಔಷಧಿ ಹಾಕಿ ಯಾಕೆ ಇಳಿಸಬೇಕು? ನಮ್ಮ ಮಕ್ಕಳಿಗೆ ಅಮೃತಬಳ್ಳಿ ಕಷಾಯ ಬಿಟ್ಟು ಬೇರೇನೂ ಕೊಟ್ಟಿಲ್ಲ.

ಮಕ್ಕಳವೈದ್ಯ_ಹುಬ್ಬಳ್ಳಿ
ನಿಮ್ಮ ಮೊದಲ ಮಾತು ಅರ್ಧ ಸರಿ. ಸೋಂಕು ಬಂದಾಗ ದೇಹವೇ ತನ್ನ ಬಿಸಿಯನ್ನು ಏರಿಸಿಕೊಳ್ಳುತ್ತದೆ, ಅದು ಹೋರಾಟದ ಒಂದು ಭಾಗ. ಅದಕ್ಕೇ ಥರ್ಮಾಮೀಟರಿನಲ್ಲಿ 100.5 ಕಂಡ ಕೂಡಲೇ ಸಿರಪ್ ಹುಡುಕುವ ಅಗತ್ಯ ಇಲ್ಲ. ಮಗು ಆಡಿಕೊಂಡು, ಕುಡಿದುಕೊಂಡು ಇದ್ದರೆ 101 ಇದ್ದರೂ ಸುಮ್ನೆ ಬಿಡಬಹುದು. ಆದರೆ ಮೈಕೈ ನೋವು, ಅಳು, ನಿದ್ದೆ ಇಲ್ಲ, ನೀರು ಬೇಡ ಅನ್ನುವ ಸ್ಥಿತಿಯಲ್ಲಿ ಮಗುವನ್ನು ನರಳಲು ಬಿಟ್ಟು ಏನೂ ಲಾಭ ಇಲ್ಲ. ಪ್ಯಾರಾಸಿಟಮಾಲ್ ಕೊಡುವುದು ಆ ನರಳಾಟ ಕಡಿಮೆ ಮಾಡಲು. ನೋವು ಇಳಿದರೆ ಮಗು ನೀರು ಕುಡಿಯುತ್ತದೆ. ಅಷ್ಟು ಸಿಕ್ಕರೆ ಔಷಧಿ ಕೆಲಸ ಮಾಡಿದ ಹಾಗೆ.

ಹಾಸನದ ಅಮ್ಮನ ಪ್ರಶ್ನೆಗೂ ಇದೇ ಉತ್ತರ. 102.6 ಇದ್ದದ್ದು 100.8ಕ್ಕೆ ಬಂದು ಮಗು ಆಟಕ್ಕೆ ಎದ್ದಿದೆ ಅಂದರೆ ಔಷಧಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಒಂದೆರಡು ಡಿಗ್ರಿ ಇಳಿಸುವುದು, ನಾಲ್ಕರಿಂದ ಆರು ಗಂಟೆ ಹಿಡಿದಿಡುವುದು, ಇಷ್ಟೇ ಅದರ ಶಕ್ತಿ. ವೈರಸ್ ಇನ್ನೂ ಒಳಗಿದೆ, ಹಾಗಾಗಿ ಬಿಸಿ ಮತ್ತೆ ಏರುತ್ತದೆ. 98.6ಕ್ಕೆ ಬರಲೇಬೇಕು ಅಂತ ಡೋಸ್ ಮೇಲೆ ಡೋಸ್ ಕೊಡುವವರೇ ತೊಂದರೆಗೆ ಸಿಲುಕುವುದು.

ಎರಡನೆಯದು, ಮೆಫೆನಾಮಿಕ್ ಮತ್ತು ಐಬುಪ್ರೊಫೆನ್. ಮಳೆಗಾಲದ ಜ್ವರದಲ್ಲಿ, ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಇವೆರಡನ್ನೂ ಕೊಡಬೇಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ, ಈ ಔಷಧಿಗಳು ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಅಪಾಯ ಹೆಚ್ಚಿಸುತ್ತವೆ. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಬೇಡವೇ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಹಳೇ ಡಬ್ಬಿಯಲ್ಲಿ ಉಳಿದಿದ್ದರೆ ಎಸೆಯಿರಿ.

ಮಲೆನಾಡಿಗ
ನರಳುವಾಗ ಕೊಡಬೇಕು ಅನ್ನುವುದು ಒಪ್ಪಿದೆ ಡಾಕ್ಟ್ರೇ. ಆದರೆ ಎಲ್ಲದಕ್ಕೂ ಮೊದಲು ಬಾಟಲಿ ಅನ್ನುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ.

ಚಿಂಟು_ಅಪ್ಪ
ನಮ್ಮ ಮಗನಿಗೆ ಥರ್ಮಾಮೀಟರ್ ಒಂದು ಕಂಕುಳಲ್ಲಿ 99, ಇನ್ನೊಂದರಲ್ಲಿ 100.2 ತೋರಿಸ್ತಿದೆ. ಹಣೆಗೆ ಹಿಡಿಯೋ ಗನ್ ಒಳ್ಳೆಯದಾ? ಯಾವ ಕಂಪನಿ ತಗೋಬೇಕು?

ವಾರ್ಡ್‌ಸಿಸ್ಟರ್
ಇಲ್ಲಿ ಆ ಚರ್ಚೆ ಅಲ್ಲ, ಆದರೂ ಹೇಳುತ್ತೇನೆ. ಮನೆಗೆ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳು ಒರೆಸಿ, ತುದಿ ಒಳಗೆ ಸರಿಯಾಗಿ ಇಟ್ಟು, ಕೈ ಒತ್ತಿ ಹಿಡಿದು ಬೀಪ್ ಬರುವವರೆಗೆ ಬಿಡಿ. ಗನ್ ಫ್ಯಾನಿನ ಗಾಳಿಗೂ ಬೆವರಿಗೂ ತಪ್ಪು ತೋರಿಸುತ್ತದೆ.

ಲೀಡ್ಸ್‌ಕನ್ನಡತಿ
ಇಲ್ಲಿ ಇಂಗ್ಲೆಂಡಿನಲ್ಲಿ ಸಿರಪ್ ಡಬ್ಬಿ ಮೇಲೆ ವಯಸ್ಸಿನ ಪ್ರಕಾರವೇ ಬರೆದಿರುತ್ತಾರೆ. 120ರ ಬಾಟಲಿಯಲ್ಲಿ ಎರಡರಿಂದ ನಾಲ್ಕು ವರ್ಷದೊಳಗೆ 7.5 ಎಂಎಲ್, ದಿನಕ್ಕೆ ನಾಲ್ಕು ಸಲ. ಅಂದರೆ 180 ಮಿಲಿಗ್ರಾಂ. ಹಾಗಿದ್ದರೆ ವಯಸ್ಸಿನ ಲೆಕ್ಕ ತಪ್ಪು ಅಂತ ಹೇಗೆ ಹೇಳ್ತೀರಿ? ಇನ್ನೊಂದು, ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಮತ್ತೊಮ್ಮೆ ಕೊಡಿ, ಅರ್ಧ ಗಂಟೆ ದಾಟಿದ್ದರೆ ಮುಂದಿನ ಹೊತ್ತಿನವರೆಗೆ ಕಾಯಿರಿ ಅನ್ನುತ್ತಾರೆ ಇಲ್ಲಿ.

ಮಕ್ಕಳವೈದ್ಯ_ಹುಬ್ಬಳ್ಳಿ
ತಪ್ಪು ಅಂತ ಅಲ್ಲ. ಅಲ್ಲಿನ ಎರಡು ವರ್ಷದ ಮಗುವಿನ ಸರಾಸರಿ ತೂಕಕ್ಕೆ ಆ ಅಂಕಿ ಹೊಂದುತ್ತದೆ. ನಮ್ಮಲ್ಲಿ ಎರಡು ವರ್ಷಕ್ಕೆ 8 ಕೆಜಿ ಇರುವ ಮಕ್ಕಳೂ ಬರುತ್ತಾರೆ, 14 ಕೆಜಿ ಇರುವವರೂ ಬರುತ್ತಾರೆ. 8 ಕೆಜಿಗೆ ಬೇಕಾದದ್ದು 120 ಮಿಲಿಗ್ರಾಂ. ಅದಕ್ಕೆ 180 ಹಾಕಿದರೆ ಜಾಸ್ತಿ ಆಯಿತು. ತೂಕ ಕಡಿಮೆ ಇರುವ, ಸರಿಯಾಗಿ ಉಣ್ಣದ ಮಕ್ಕಳ ಲಿವರ್‌ಗೇ ಇದರ ಹೊರೆ ಹೆಚ್ಚು. ವಾಂತಿಯ ಬಗ್ಗೆ ಹೇಳಿದ್ದು ಸರಿ.

ಸುಧಾ_ಮೈಸೂರು
ನನ್ನ ಅಕ್ಕನ ಮಗನಿಗೆ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಆವತ್ತಿನಿಂದ 99 ಆದರೂ ಸಿರಪ್ ಕೊಡ್ತಾಳೆ, ರಾತ್ರಿ ಎಬ್ಬಿಸಿ ಕೊಡ್ತಾಳೆ. ಜ್ವರ ತಲೆಗೇರಿದರೆ ಮೆದುಳಿಗೆ ಏಟಾಗುತ್ತದೆ ಅನ್ನುವ ಭಯ.

ಮಕ್ಕಳವೈದ್ಯ_ಹುಬ್ಬಳ್ಳಿ
ಅವರ ಭಯ ಅರ್ಥ ಆಗುತ್ತದೆ, ಅದನ್ನು ನೋಡಿದ ತಾಯಿ ಮರೆಯುವುದಿಲ್ಲ. ಆದರೆ ಪ್ಯಾರಾಸಿಟಮಾಲ್ ಕೊಟ್ಟರೆ ಈ ಫಿಟ್ಸ್ ಬರದಂತೆ ತಡೆಯಬಹುದು ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಹೀಗಾಗುತ್ತದೆ. ಎಷ್ಟೋ ಸಲ ಜ್ವರ ಬಂದಿದೆ ಅಂತ ಗೊತ್ತಾಗುವ ಮುಂಚೆಯೇ ಫಿಟ್ಸ್ ಬಂದಿರುತ್ತದೆ. ಬಹುಪಾಲು ಮಕ್ಕಳಿಗೆ ಇದರಿಂದ ಮೆದುಳಿಗೆ ಹಾನಿ ಇಲ್ಲ, ದೊಡ್ಡವರಾಗುತ್ತಾ ನಿಂತುಹೋಗುತ್ತದೆ. ಸಾಮಾನ್ಯ ಸೋಂಕಿನ ಜ್ವರ ಮೆದುಳನ್ನು ಕೆಡಿಸುವಷ್ಟು ಏರುವುದು ತೀರಾ ಅಪರೂಪ.

ಫಿಟ್ಸ್ ಬಂದಾಗ ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬೆರಳು, ನೀರು, ಸಿರಪ್ ಏನೂ ಹಾಕಬೇಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ನಿಂತ ಮೇಲೂ ಮಗುವಿಗೆ ಎಚ್ಚರ ಬರದಿದ್ದರೆ, 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ಆವತ್ತೇ ತೋರಿಸಿ.

ನಿದ್ದೆ ಮಾಡುತ್ತಿರುವ ಮಗುವನ್ನು ಸಿರಪ್‌ಗೋಸ್ಕರ ಎಬ್ಬಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಸುಧಾ_ಮೈಸೂರು
ಅವರ ಡಾಕ್ಟರ್ ಎಬ್ಬಿಸಿ ಕೊಡಿ ಅಂತಲೇ ಹೇಳಿದ್ದು ಸರ್. ಯಾರದ್ದು ಸರಿ ಅಂತ ಅಕ್ಕನಿಗೆ ಹೇಗೆ ಹೇಳಲಿ?

ಮಕ್ಕಳವೈದ್ಯ_ಹುಬ್ಬಳ್ಳಿ
ಮಗುವನ್ನು ನೋಡಿದವರು ಅವರು. ಫಿಟ್ಸ್ ಇತಿಹಾಸ ಇದ್ದಾಗ ಹಾಗೆ ಹೇಳುವ ವೈದ್ಯರು ಇದ್ದಾರೆ. ಅವರನ್ನೇ ಮತ್ತೊಮ್ಮೆ ಕೇಳಲಿ. 99ಕ್ಕೆ ಕೊಡುವುದು ಮಾತ್ರ ಬೇಡ, ಅದು ಜ್ವರವೇ ಅಲ್ಲ.

ಅಜ್ಜಿಮನೆ
ಕಂಬಳಿ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ಚಳಿ ಅಂತ ನಡುಗುವ ಮಗುವಿಗೆ ಹೊದಿಸದೇ ಇರುವುದು ಹೇಗೆ?

ವಾರ್ಡ್‌ಸಿಸ್ಟರ್
ನಡುಗುತ್ತಿದ್ದರೆ ತೆಳುವಾದ ಹೊದಿಕೆ ಹಾಕಿ ಅಮ್ಮ, ನಡುಕ ನಿಂತ ಮೇಲೆ ತೆಗೆಯಿರಿ. ಕಂಬಳಿ, ಟೋಪಿ, ಸ್ವೆಟರ್ ಎಲ್ಲ ಒಟ್ಟಿಗೆ ಬೇಡ, ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ಐಸ್ ನೀರು ಕೂಡ ಬೇಡ. ಮಗು ನಡುಗಿ ಒಳಗಿನ ಬಿಸಿ ಇನ್ನೂ ಏರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿದರೆ ಸ್ವಲ್ಪ ಹೊತ್ತು ಇಳಿಯುತ್ತದೆ, ಮಗುವಿಗೆ ಹಿತ ಅನಿಸಿದರೆ ಮಾಡಿ, ಅತ್ತರೆ ಬಿಡಿ. ಹತ್ತಿಯ ಬಟ್ಟೆ, ಗಾಳಿ, ಆಗಾಗ ಗುಟುಕು ನೀರು, ಗಂಜಿ, ಮಜ್ಜಿಗೆ, ಇಷ್ಟು ಸಾಕು.

ರವಿ_ಬೆಂಗಳೂರು
ಡೆಂಗಿ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಏಳು ವರ್ಷದ ಹುಡುಗನಿಗೆ ನಾಲ್ಕು ದಿನ 103 ಜ್ವರ. ಐದನೇ ದಿನ ಜ್ವರ ಬಿಟ್ಟಿತು, ಮನೆಯವರಿಗೆಲ್ಲ ಸಮಾಧಾನ. ಆವತ್ತು ಮಧ್ಯಾಹ್ನದಿಂದ ಹೊಟ್ಟೆನೋವು, ಮೂರ್ನಾಲ್ಕು ವಾಂತಿ. ಸಂಜೆ ಹೊತ್ತಿಗೆ ಕೈಕಾಲು ತಣ್ಣಗೆ, ಮಂಕಾಗಿ ಮಲಗಿಬಿಟ್ಟ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಎರಡು ದಿನ ಐಸಿಯು. ಥರ್ಮಾಮೀಟರಿನಲ್ಲಿ 98 ಇತ್ತು ನೋಡಿ.

ಮಕ್ಕಳವೈದ್ಯ_ಹುಬ್ಬಳ್ಳಿ
ಇದನ್ನು ಬರೆದದ್ದು ಒಳ್ಳೆಯದಾಯಿತು. ಡೆಂಗಿಯಲ್ಲಿ ಕಷ್ಟದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಹೆಚ್ಚಾಗಿ ಮೂರರಿಂದ ಏಳನೇ ದಿನದ ಮಧ್ಯೆ. ರಕ್ತದ ನೀರಿನಂಶ ನಾಳಗಳಿಂದ ಸೋರಿ ಹೊರಗೆ ಹೋಗುತ್ತದೆ, ಬಿಪಿ ಕುಸಿಯುತ್ತದೆ. ವೈರಲ್ ಜ್ವರ ನಿಜವಾಗಿ ವಾಸಿಯಾದರೆ ಜ್ವರ ಬಿಟ್ಟ ಮೇಲೆ ಮಗುವಿಗೆ ಹಸಿವಾಗುತ್ತದೆ, ಆಟ ಬೇಕಾಗುತ್ತದೆ. ಜ್ವರ ಬಿಟ್ಟ ಮೇಲೆ ಇನ್ನಷ್ಟು ಸುಸ್ತಾದರೆ, ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಲ್ಲಿ ರಕ್ತ, ಕಪ್ಪು ಮಲ, ತಣ್ಣನೆ ಕೈಕಾಲು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆ.

ಹೊಸತಾಯಿ_ಉಡುಪಿ
ನನ್ನ ಮಗುವಿಗೆ ಎರಡು ತಿಂಗಳು. ಬೆಳಗ್ಗೆಯಿಂದ 100.6 ಇದೆ, ಹಾಲು ಸ್ವಲ್ಪ ಕಡಿಮೆ ಕುಡಿಯುತ್ತಿದೆ. 5 ಕೆಜಿ. 75 ಮಿಲಿಗ್ರಾಂ ಅಂದರೆ ಡ್ರಾಪ್ಸ್ 0.75 ಎಂಎಲ್ ಕೊಡಲಾ?

ಮಕ್ಕಳವೈದ್ಯ_ಹುಬ್ಬಳ್ಳಿ
ಇಲ್ಲ. ಈಗಲೇ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಒಂದೇ ಸಲ ಕಂಡರೂ ಮನೆಯಲ್ಲಿ ಔಷಧಿ ಕೊಟ್ಟು ನೋಡುವ ಹಾಗಿಲ್ಲ. ರಕ್ತದಲ್ಲೋ ಮೂತ್ರದಲ್ಲೋ ಸೋಂಕಿದ್ದರೂ ಇಷ್ಟು ಚಿಕ್ಕ ಮಗು ಅದನ್ನು ಹೊರಗೆ ತೋರಿಸುವುದಿಲ್ಲ. ನಿಮ್ಮ ಮಗು ಹಾಲನ್ನೂ ಕಡಿಮೆ ಮಾಡಿದೆ. ಇತ್ತೀಚೆಗೆ ಚುಚ್ಚುಮದ್ದು ಹಾಕಿಸಿದ್ದರೆ ಅದನ್ನೂ ಅಲ್ಲಿ ಹೇಳಿ, ಆದರೆ ಅದರಿಂದಲೇ ಇರಬಹುದು ಅಂತ ಮನೆಯಲ್ಲಿ ಕೂರಬೇಡಿ.

ಹೊಸತಾಯಿ_ಉಡುಪಿ
ಚುಚ್ಚುಮದ್ದು ಆಗಿ ಎರಡು ವಾರ ಆಗಿದೆ. ಹೊರಟಿದ್ದೇವೆ ಸರ್.

ಆಶಾ_ಕೊಪ್ಪಳ
ಹೋಗಿ ಬನ್ರಿ, ದಾರಿಯಲ್ಲೂ ಎದೆಹಾಲು ಕುಡಿಸ್ತಾ ಇರ್ರಿ.

ಪುಟ್ಟಿಯಮ್ಮ_ಹಾಸನ
ಈಗ 120ರ ಸಿರಪ್ ಸಿರಿಂಜಿನಲ್ಲಿ 6.5 ಕೊಟ್ಟೆ. ನನಗೆ ಕೊನೆಯದಾಗಿ ಒಂದೇ ಪ್ರಶ್ನೆ. ಇವಳನ್ನು ಯಾವಾಗ ಕರೆದುಕೊಂಡು ಹೋಗಬೇಕು? ಮೂಗು ಸೋರುವುದಕ್ಕೆ ನೆಗಡಿ ಸಿರಪ್ ಕೂಡ ಕೊಡಲಾ?

ವಾರ್ಡ್‌ಸಿಸ್ಟರ್
ನೆಗಡಿ ಸಿರಪ್ ಬೇಡ. ಹೆಚ್ಚಿನವುಗಳಲ್ಲಿ ಪ್ಯಾರಾಸಿಟಮಾಲ್ ಸೇರಿಕೊಂಡಿರುತ್ತದೆ, ಗೊತ್ತಿಲ್ಲದೇ ಎರಡು ಡೋಸ್ ಆಗುತ್ತದೆ. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಸಾಕು.

ನಾಳೆ ಸಂಜೆಗೆ ಮೂರು ದಿನ ಆಗುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಜ್ವರ ಬಿಡದಿದ್ದರೆ ತೋರಿಸಿ, ಡೆಂಗಿ ಮತ್ತು ಮೂತ್ರದ ಪರೀಕ್ಷೆ ಬೇಕಾ ಅಂತ ಕೇಳಿ. ಹೆಣ್ಣುಮಕ್ಕಳಲ್ಲಿ ಬೇರೆ ಕಾರಣ ಕಾಣದ ಜ್ವರಕ್ಕೆ ಮೂತ್ರದ ಸೋಂಕು ಎಷ್ಟೋ ಸಲ ಕಾರಣವಾಗಿರುತ್ತದೆ. ಅದಕ್ಕೂ ಮುಂಚೆ ಓಡಬೇಕಾದದ್ದು ಯಾವಾಗ ಅಂದರೆ, ಜ್ವರ ಇಳಿದಾಗಲೂ ಮಗು ಮಂಕಾಗಿಯೇ ಇದ್ದರೆ. ಇದು ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಗುರುತು. ಜೊತೆಗೆ ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಎಂಟು ಗಂಟೆ ಆದರೂ ಉಚ್ಚೆ ಹೋಗದಿದ್ದರೆ, ಕುತ್ತಿಗೆ ಬಗ್ಗಿಸಲು ಬಿಡದಿದ್ದರೆ, ಒತ್ತಿದರೂ ಮಾಯವಾಗದ ಕೆಂಪು ನೇರಳೆ ಚುಕ್ಕೆ ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಚುಕ್ಕೆ ಬೇಗ ಕಾಣುವುದಿಲ್ಲ, ಅಂಗೈ, ಅಂಗಾಲು, ರೆಪ್ಪೆ ಒಳಗೆ ನೋಡಿ.

ಮೆಡಿಕಲ್_ದಾವಣಗೆರೆ
ಸಿಸ್ಟರ್, ಶಾಲೆಗೆ ಹೋಗುವ 22 ಕೆಜಿ ಮಕ್ಕಳಿಗೆ 500ರ ಮಾತ್ರೆ ಅರ್ಧ ಕೊಡಬಹುದಾ? ಸಿರಪ್ ಕುಡಿಯಲ್ಲ ಅಂತಾರೆ.

ವಾರ್ಡ್‌ಸಿಸ್ಟರ್
ಕೊಡಬಹುದು. ಅರ್ಧ ಅಂದರೆ 250, ಅಂದರೆ ಕೆಜಿಗೆ 11ರ ಸುಮಾರು. 10ರಿಂದ 15ರ ಒಳಗೇ ಬರುತ್ತದೆ. 650ರ ಮಾತ್ರೆ ಮುರಿದು ಕೊಡುವಾಗ ಮಾತ್ರ ಮತ್ತೆ ಲೆಕ್ಕ ಹಾಕಿ. ಅದರ ಅರ್ಧ 325, ಕೆಜಿಗೆ 15ರ ಹತ್ತಿರ, ಅಲ್ಲಿಗೇ ಮಿತಿ. 16 ಕೆಜಿ ಮಗುವಿಗೆ ಅದೇ ಅರ್ಧ ಜಾಸ್ತಿಯಾಗುತ್ತದೆ.